ಗಟ್ಟಿ ಕಾಫಿ ಕೇಳಿದವರಿಗೆ ಎಸ್ಪ್ರೆಸೊ ಕೊಟ್ಟೆ

ಮಂಗಳೂರಿನ ಕದ್ರಿಯಲ್ಲಿ ಸಣ್ಣ ಕಾಫಿ ಅಂಗಡಿ ಇಟ್ಟ ಹೊಸತರಲ್ಲಿ, ಸ್ಟ್ರಾಂಗ್ ಕಾಫಿ ಕೇಳಿದ ಹಿರಿಯರೊಬ್ಬರಿಗೆ ಎಸ್ಪ್ರೆಸೊ ಕೊಟ್ಟೆ. ಪುಟ್ಟ ಕಪ್ ನೋಡಿ ಅವರು, "ಎಂತ ಮಾರಾಯ್ರೆ, ನಾನು ಕೇಳಿದ್ದು ಇದಲ್ಲ" ಎಂದರು. ಅವರಿಗೆ ಬೇಕಾಗಿದ್ದದ್ದು ಹಾಲು ಕಮ್ಮಿ, ಡಿಕಾಕ್ಷನ್ ಜಾಸ್ತಿ.

ತಪ್ಪು ನನ್ನದೇ. ನೀರಿಗೆ ಪುಡಿ ಹೆಚ್ಚು ಹಾಕಿದರೆ ಯಾವ ಕಾಫಿಯೂ ಸ್ಟ್ರಾಂಗ್ ಆಗುತ್ತದೆ. ಎಸ್ಪ್ರೆಸೊ ಎಂದರೆ ಮಾಡುವ ವಿಧಾನ. ಮನೆಯ ಫಿಲ್ಟರ್‌ನಲ್ಲಿ ನೀರು ತನ್ನ ಭಾರಕ್ಕೇ ನಿಧಾನ ಇಳಿಯುತ್ತದೆ. ಮೆಷಿನ್ ಅದನ್ನು ಸುಮಾರು 9 ಬಾರ್ ಒತ್ತಡದಲ್ಲಿ ನುಣ್ಣನೆಯ ಪುಡಿಯ ಮೂಲಕ ನೂಕಿ, ಅರ್ಧ ನಿಮಿಷದೊಳಗೆ ಕೆಲಸ ಮುಗಿಸುತ್ತದೆ.

ಎಸ್ಪ್ರೆಸೊ ಮೇಲೆ ನಿಲ್ಲುವ ನೊರೆ, ಅಂದರೆ ಕ್ರೆಮಾ, ಅದರ ವಿಷಯದಲ್ಲೂ ಮೋಸ ಹೋಗಿದ್ದೆ. ಚಿಕ್ಕಮಗಳೂರಿನ ಅರೇಬಿಕಾ, 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ ಇಳಿಸುವುದು ನನ್ನ ಲೆಕ್ಕ. ಅಂದು 14 ಸೆಕೆಂಡಿಗೇ ಇಳಿದುಬಿಟ್ಟಿತು. ಮೇಲೆ ಚಿನ್ನದ ಬಣ್ಣದ ನೊರೆ ಇತ್ತು, ಹಾಗಾಗಿ ಸರಿಯಿದೆ ಎಂದುಕೊಂಡೆ. ಕುಡಿದರೆ ನಿಂಬೆಹುಳಿ, ನೀರುನೀರು. ಗ್ರೈಂಡರನ್ನು ಎರಡು ಹಲ್ಲು ನುಣ್ಣಗೆ ಮಾಡಿದೆ. 28 ಸೆಕೆಂಡ್ ಹಿಡಿಯಿತು, ಹುಳಿ ಇಳಿದು ಸಿಹಿ ಬಂತು. ನೊರೆ ಮಾತ್ರ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ.

ಕಾರಣ ಸರಳ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಉಳಿದಿರುತ್ತದೆ. ಒತ್ತಡದಲ್ಲಿ ಅದು ನೀರಿನಲ್ಲಿ ಕರಗಿ, ಹೊರಗೆ ಬಂದೊಡನೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆಯಾಗುತ್ತದೆ. ಬೀಜ ತಾಜಾ ಇದ್ದರೆ, ರೋಬಸ್ಟಾ ಬೆರೆತಿದ್ದರೆ ನೊರೆ ದಪ್ಪ. ಹುರಿದು ತಿಂಗಳುಗಟ್ಟಲೆ ಇಟ್ಟ ಬೀಜದಲ್ಲಿ ತೆಳ್ಳಗೆ. ಹಾಗಾಗಿ ಕ್ರೆಮಾ ಬೀಜದ ತಾಜಾತನ, ಜಾತಿ ಹೇಳೀತು, ಕಾಫಿ ಸರಿಯಾಗಿ ಇಳಿಯಿತೋ ಇಲ್ಲವೋ ಎಂದು ಹೇಳಲಾರದು. ಬರೀ ನೊರೆಯನ್ನು ಚಮಚದಲ್ಲಿ ತೆಗೆದು ನೆಕ್ಕಿ ನೋಡಿ, ಕಹಿ. ಅದಕ್ಕೇ ನಾನು ಕಲಕಿಯೇ ಕುಡಿಯುತ್ತೇನೆ.

ಹಾಲಿಲ್ಲದ ದೊಡ್ಡ ಕಪ್ ಕೇಳುವವರಿಗೆ ಅಮೆರಿಕಾನೊ ಕೊಡಲೋ ಡ್ರಿಪ್ ಕೊಡಲೋ ಎಂಬುದು ಮುಂದಿನ ಪ್ರಶ್ನೆ. ಅದೇ ಬೀಜದಲ್ಲಿ ಎರಡನ್ನೂ ಮಾಡಿ ನೋಡಿದೆ. 36 ಗ್ರಾಂ ಎಸ್ಪ್ರೆಸೊಗೆ 220 ಗ್ರಾಂ ಬಿಸಿನೀರು ಸೇರಿಸಿದ್ದು ಅಮೆರಿಕಾನೊ. 15 ಗ್ರಾಂ ತರಿ ಪುಡಿಯ ಮೇಲೆ 240 ಗ್ರಾಂ ನೀರನ್ನು ಸುತ್ತಿ ಸುತ್ತಿ ಹೊಯ್ದು, ಮೂರು ನಿಮಿಷದಲ್ಲಿ ಕಾಗದದ ಸೋಸಕದಿಂದ ಇಳಿಸಿದ್ದು ಡ್ರಿಪ್. ಗಟ್ಟಿತನ ಎರಡರದ್ದೂ ಹೆಚ್ಚುಕಮ್ಮಿ ಸಮ. ಆದರೂ ನಾಲಿಗೆಗೆ ಬೇರೆಯೇ. ಕಾಗದವು ಕಾಫಿಯ ಎಣ್ಣೆಯನ್ನೂ ಸಣ್ಣ ಪುಡಿಯನ್ನೂ ಹಿಡಿದಿಡುತ್ತದೆ, ಹಾಗಾಗಿ ಡ್ರಿಪ್ ತಿಳಿಯಾಗಿ, ಪರಿಮಳ ಬಿಡಿಬಿಡಿಯಾಗಿ ಸಿಗುತ್ತದೆ. ಅಮೆರಿಕಾನೊದಲ್ಲಿ ಅವು ಉಳಿದು ಬಾಯಿಗೆ ದಪ್ಪ ಎನಿಸುತ್ತದೆ, ಕೊನೆಯ ಗುಟುಕಿನಲ್ಲಿ ಸ್ವಲ್ಪ ಗಷ್ಟೂ ಇರುತ್ತದೆ.

ಈಗ ಸ್ಟ್ರಾಂಗ್ ಎಂದವರಿಗೆ ಮೊದಲು "ಹಾಲು ಬೇಕಾ?" ಎಂದು ಕೇಳುತ್ತೇನೆ. ಬೇಕು ಎಂದರೆ ಹಿತ್ತಾಳೆ ಫಿಲ್ಟರ್‌ನ ಡಿಕಾಕ್ಷನ್, ಲೋಟ, ಬಟ್ಟಲು.