ಪಿ2ಪಿಲಿ USDT ತಗೊಳ್ಳೋ ಮುಂಚೆ ಈ ಒಂದು ಭಾಗಾಕಾರ ಮಾಡಿ

ಪಿ2ಪಿ ಅಂದ್ರೆ ಜನ ಒಬ್ರಿಗೊಬ್ರು ನೇರವಾಗಿ ಕ್ರಿಪ್ಟೋ ಕೊಳ್ಳೋ ಮಾರೋ ಜಾಗ, USDT ಅಂದ್ರೆ ಒಂದು ಡಾಲರ್ ಬೆಲೆಗೆ ಕಟ್ಟಿಟ್ಟ ಕ್ರಿಪ್ಟೋ ನಾಣ್ಯ. ಪಿ2ಪಿಲಿ ಕಾಣ್ಸೋ USDT ರೂಪಾಯಿ ರೇಟನ್ನ ಅವತ್ತಿನ ಡಾಲರ್ ರೇಟಿಂದ ಭಾಗ್ಸಿ, 1ರ ಮೇಲೆ ಎಷ್ಟು ಬರುತ್ತೋ ಅದೇ ನೀವು ಕೊಡ್ತಿರೋ ಪ್ರೀಮಿಯಂ. ಉದಾಹರಣೆಗೆ ಡಾಲರ್ 85, USDT 90.10 ಇದ್ರೆ 1.06, ಅಂದ್ರೆ 6%. ನಮ್ಮಲ್ಲಿ ರೂಪಾಯಿ ಕೊಟ್ಟು ಹೊರಗಿಂದ USDT ತರೋದು ಸುಲಭ ಇಲ್ಲ, ಮೇಲೆ 1% ಟಿಡಿಎಸ್ ಬೇರೆ, ಅದಕ್ಕೆ ಈ ಗ್ಯಾಪ್ ತಾನಾಗೇ ಮುಚ್ಚಲ್ಲ. ಹಾಗಾಗಿ ಸೊನ್ನೆ ಆಗ್ಲಿ ಅಂತ ಕಾಯ್ಬೇಡಿ, ಒಂದಷ್ಟು ವಾರ ಬರೆದಿಟ್ಕೊಂಡು ಮಾಮೂಲಿ ಎಷ್ಟಿರುತ್ತೆ ನೋಡಿ, ಅದಕ್ಕಿಂತ ಜಾಸ್ತಿ ಇದ್ದಾಗ ಎಂಟ್ರಿ ತಡೀರಿ. ಯಾಕಂದ್ರೆ ಮಾರೋ ಟೈಮಲ್ಲಿ ಪ್ರೀಮಿಯಂ ಅಷ್ಟೇ ಇದ್ರೆ ವಾಪಸ್ ಸಿಗುತ್ತೆ, ಆದ್ರೆ 6% ಇದ್ದದ್ದು 2%ಗೆ ಇಳಿದ್ರೆ ರೇಟು 86.70 ಆಗುತ್ತೆ, ಆಗ ಆ USDT ಕೊಟ್ಟು ತಗೊಂಡ ಬಿಟ್‌ಕಾಯಿನ್ ಡಾಲರಲ್ಲಿ ಸುಮಾರು 4% ಏರಿದ್ರೂ ನಿಮ್ಮ ಕೈಗೆ ಬರೋದು ಹಾಕಿದ ದುಡ್ಡೇ, ಟ್ಯಾಕ್ಸ್ ಲೆಕ್ಕ ಬೇರೆ. ಲಿಸ್ಟಲ್ಲಿ ಮೊದ್ಲು ಕಾಣೋ ಆ್ಯಡ್ ಮೇಲೆ ಲೆಕ್ಕ ಹಾಕಿದ್ರೆ ಇದು ಕೈಕೊಡುತ್ತೆ, ಅದರ ಲಿಮಿಟ್ ತುಂಬಾ ಚಿಕ್ಕದಿರಬಹುದು, ನಿಮ್ಮ ಮೊತ್ತ ಹಾಕಿ ಫಿಲ್ಟರ್ ಮಾಡಿ ನಾಲ್ಕೈದು ಆ್ಯಡ್ ನೋಡಿ. ಎಲ್ಲರಿಗಿಂತ ತೀರಾ ಕಮ್ಮಿ ರೇಟಿಗೆ ಕೊಡೋರನ್ನ ದಯವಿಟ್ಟು ಬಿಟ್ಬಿಡಿ. ಶನಿವಾರ ಭಾನುವಾರ ಡಾಲರ್ ರೇಟು ಶುಕ್ರವಾರದ್ದೇ ನಿಂತಿರುತ್ತೆ, ಪಿ2ಪಿ ಮಾತ್ರ ಓಡ್ತಿರುತ್ತೆ, ಆಗಿನ ಪ್ರೀಮಿಯಂ ನಂಬೋ ಹಾಗಿಲ್ಲ.