ನೆರಳೋ, ಸೆಳೆತವೋ? ಗ್ರಹಣ–ಉಬ್ಬರದ ಪ್ರಶ್ನೆ ಬಿಡಿಸುವುದು ಹೇಗೆ

ಗ್ರಹಣಕ್ಕೂ ದೊಡ್ಡ ಉಬ್ಬರಕ್ಕೂ ಅಮಾವಾಸ್ಯೆಯೋ ಹುಣ್ಣಿಮೆಯೋ ಬೇಕು. ಹಾಗಾಗಿ ಭೂವಿಜ್ಞಾನದ ಉತ್ತರಗಳಲ್ಲಿ ಎರಡೂ ಕಲಸಿಹೋಗುತ್ತವೆ. ಬರೆಯುವ ಮೊದಲು ಒಂದನ್ನು ಗೊತ್ತುಮಾಡಿಕೊಳ್ಳಿ: ಕೇಳಿರುವುದು ನೆರಳಿನ ವಿಷಯವೋ, ಸೆಳೆತದ ವಿಷಯವೋ?

ಗ್ರಹಣವಾದರೆ ಅದು ಬರೀ ನೆರಳು. ಇಲ್ಲಿ ಸೂರ್ಯನ ಕೆಲಸ ಬೆಳಕು ಕೊಡುವುದಷ್ಟೇ. ಅಮಾವಾಸ್ಯೆಯಂದು ಚಂದ್ರನ ನೆರಳು ಭೂಮಿಗೆ ತಾಗಿದರೆ ಸೂರ್ಯಗ್ರಹಣ, ಹುಣ್ಣಿಮೆಯಂದು ಚಂದ್ರ ಭೂಮಿಯ ನೆರಳಿಗೆ ಹೊಕ್ಕರೆ ಚಂದ್ರಗ್ರಹಣ. ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಹೆಚ್ಚಿನ ತಿಂಗಳು ನೆರಳು ಮೇಲೋ ಕೆಳಗೋ ತಪ್ಪಿಹೋಗುತ್ತದೆ.

ಉಬ್ಬರವಾದರೆ ಸೆಳೆತ. ಆದರೆ ಲೆಕ್ಕಕ್ಕೆ ಬರುವುದು ಒಟ್ಟು ಸೆಳೆತವಲ್ಲ, ಭೂಮಿಯ ಒಂದು ಮಗ್ಗುಲಿಗೂ ಇನ್ನೊಂದು ಮಗ್ಗುಲಿಗೂ ಇರುವ ಸೆಳೆತದ ವ್ಯತ್ಯಾಸ. ಚಂದ್ರನತ್ತ ಇರುವ ನೀರಿಗೆ ಭೂಮಿಯ ನಡುಭಾಗಕ್ಕಿಂತ ಹೆಚ್ಚು ಸೆಳೆತ, ಆಚೆ ಬದಿಯ ನೀರಿಗೆ ಕಡಿಮೆ. ಆದ್ದರಿಂದಲೇ ನೀರು ಎರಡೂ ಕಡೆ ಉಬ್ಬುತ್ತದೆ.

‘ಭೂಮಿಯನ್ನು ಹೆಚ್ಚು ಎಳೆಯುವುದು ಸೂರ್ಯ. ಹಾಗಿದ್ದೂ ಉಬ್ಬರಕ್ಕೆ ಚಂದ್ರನೇ ಏಕೆ ಮುಖ್ಯ?’ ಎಂಬ ಪ್ರಶ್ನೆಯನ್ನು ಅಂಕಿಗಳಲ್ಲೇ ಬಿಡಿಸಿ. ಸೂರ್ಯನ ರಾಶಿ ಚಂದ್ರನ ಸುಮಾರು 2.7 ಕೋಟಿ ಪಟ್ಟು, ದೂರ ಸುಮಾರು 390 ಪಟ್ಟು. ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. 2.7 ಕೋಟಿಯನ್ನು 390ರಿಂದ ಎರಡು ಸಲ ಭಾಗಿಸಿದರೆ ಸುಮಾರು 178. ಅಂದರೆ ಸೂರ್ಯನೇ 178 ಪಟ್ಟು ಬಲಶಾಲಿ. ಸೆಳೆತದ ವ್ಯತ್ಯಾಸವಾದರೋ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ಇನ್ನೊಮ್ಮೆ 390ರಿಂದ ಭಾಗಿಸಿ: ಸುಮಾರು 0.46. ಉಬ್ಬರದಲ್ಲಿ ಸೂರ್ಯನ ಪಾಲು ಚಂದ್ರನದರ ಅರ್ಧಕ್ಕೂ ತುಸು ಕಡಿಮೆ. ಈ ಮೂರನೆಯ ಭಾಗಾಕಾರವನ್ನು ಬಿಟ್ಟವರ ಉತ್ತರ ತಲೆಕೆಳಗಾಗುತ್ತದೆ.

ಈಗ ಎರಡನ್ನೂ ಕೂಡಿಸಿ. ಚಂದ್ರನ ಪಾಲನ್ನು 1 ಎಂದು ಹಿಡಿದರೆ ಅಮಾವಾಸ್ಯೆಯಂದು 1 + 0.46, ಇಬ್ಬರೂ ಲಂಬಕೋನದಲ್ಲಿ ಸೆಳೆಯುವ ಅಷ್ಟಮಿಯ ಆಸುಪಾಸಿನಲ್ಲಿ 1 – 0.46. ಹುಣ್ಣಿಮೆಯಂದು ಇಬ್ಬರೂ ಎದುರುಬದುರಾಗಿದ್ದರೂ ಕಳೆಯಬೇಡಿ. ಇಬ್ಬರ ಉಬ್ಬೂ ಎರಡೆರಡು ಬದಿಗೆ ಇರುವುದರಿಂದ ಅಂದೂ ಕೂಡಿಕೆಯೇ.

2019ರ ಡಿಸೆಂಬರ್ 26ರ ಅಮಾವಾಸ್ಯೆಯಂದು ಮಂಗಳೂರಿನಲ್ಲಿ ಕಂಕಣ ಸೂರ್ಯಗ್ರಹಣ ಕಂಡಿತು. ಮುಂದಿನ ಅಮಾವಾಸ್ಯೆಗೆ ಗ್ರಹಣವಿರಲಿಲ್ಲ, ಆದರೂ ಸೂರ್ಯ–ಚಂದ್ರರ ಸೆಳೆತ ಕೂಡಿಯೇ ಇತ್ತು. ಆದ್ದರಿಂದ ‘ಗ್ರಹಣದಿಂದ ಉಬ್ಬರ ಬಂತು’ ಎಂದು ಬರೆದರೆ ತಪ್ಪು.

ಇಷ್ಟೆಲ್ಲ ಸಮುದ್ರಕ್ಕೆ ಸಿಗುವ ಬಲದ ಲೆಕ್ಕ, ನೀರಿನ ಎತ್ತರದ ಲೆಕ್ಕವಲ್ಲ. ದೊಡ್ಡ ಉಬ್ಬರ ಹಲವೆಡೆ ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ಬರುತ್ತದೆ. ಎತ್ತರವನ್ನು ಕಡಲಿನ ಆಳ, ದಂಡೆಯ ಆಕಾರ ತೀರ್ಮಾನಿಸುತ್ತವೆ. ಮಂಗಳೂರಿನಲ್ಲಿ ನೀರು ಒಂದೂವರೆ ಮೀಟರಿನಷ್ಟು ಏರಿಳಿದರೆ, ಕಿರಿದಾಗುತ್ತ ಹೋಗುವ ಖಂಭಾತ್ ಕೊಲ್ಲಿಯ ಭಾವನಗರದಲ್ಲಿ ಅದು ಹತ್ತು ಮೀಟರಿನಷ್ಟಾಗುತ್ತದೆ.