ಚೆಂಡನ್ನು ಬಿಟ್ಟು ಹಾಕಿ ನೋಡಿದ್ದು

1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ನಾನು ಬಹುಕಾಲ ಚೆಂಡಿನ ಹಿಂದೆಯೇ ಕಣ್ಣೋಡಿಸಿ ನೋಡಿದವನು. ಹೀಗಾಗಿ ಗೋಲು ಬಿದ್ದುದು ಕಾಣುತ್ತಿತ್ತೇ ಹೊರತು, ಅದು ಎಲ್ಲಿಂದ ಆರಂಭವಾಯಿತೆಂಬುದು ತಿಳಿಯುತ್ತಿರಲಿಲ್ಲ.

ಮೊದಲು ಕೂರುವ ಜಾಗವನ್ನು ಬದಲಿಸಿದೆ. ಗೆರೆಯ ಬಳಿಯ ಕುರ್ಚಿಯಿಂದ ನೋಡಿದರೆ ಆಟಗಾರರು ಒಬ್ಬರ ಹಿಂದೊಬ್ಬರು ಮರೆಯಾಗುತ್ತಾರೆ. ಗೋಲಿನ ಹಿಂದಿನ ದಿಣ್ಣೆಯ ಮೇಲಿನಿಂದಾದರೆ ಅವರ ನಡುವಿನ ಅಂತರ ಬಿಡಿಬಿಡಿಯಾಗಿ ಕಾಣುತ್ತದೆ. ಮೈದಾನದ ಗೆರೆಗಳನ್ನೇ ಅಳತೆಗೋಲಾಗಿಸಿಕೊಂಡೆ. 91.4 ಮೀಟರ್ ಉದ್ದದ ಅಂಕಣವನ್ನು ಮಧ್ಯದ ಗೆರೆ ಮತ್ತು ಎರಡು ಬದಿಯ ಅಡ್ಡಗೆರೆಗಳು ಸುಮಾರು 23 ಮೀಟರಿನ ನಾಲ್ಕು ಪಟ್ಟಿಗಳಾಗಿ ಸೀಳುತ್ತವೆ. ಚೆಂಡು ಹೊರಹೋಗಿ ಆಟ ನಿಂತಾಗಲೆಲ್ಲ, ಒಂದು ತಂಡದ ಮುಂಚೂಣಿಯಿಂದ ಹಿಂಸಾಲಿನವರೆಗೆ ಎಷ್ಟು ಪಟ್ಟಿಗಳಿವೆ ಎಂದು ಎಣಿಸಿ ಬರೆದುಕೊಳ್ಳುತ್ತಿದ್ದೆ. ಪಕ್ಕದ ಹಿರಿಯರೊಬ್ಬರು, "ಆಟ ನೋಡೋಕೆ ಬಂದೆಯೋ, ಜಾಗ ಸರ್ವೆ ಮಾಡೋಕೆ ಬಂದೆಯೋ ಮಗಾ?" ಎಂದು ನಕ್ಕರು.

ಚೆಂಡಿಲ್ಲದ ಕಡೆಯ ಓಟವನ್ನೂ ನೋಡಬೇಕೆಂಬ ಪಾಠವನ್ನು ನನಗೆ ಕಲಿಸಿದ್ದು ನಾಪೋಕ್ಲಿನಲ್ಲಿ ನೋಡಿದ ಒಂದು ಗೋಲು. ನೀಲಿ ಅಂಗಿಯ ಮುನ್ನಡೆ ಆಟಗಾರನು ಎದುರಾಳಿಯ ಗೋಲು ವೃತ್ತದ ಅಂಚಿನಿಂದ ಹೊರಟು, ಚೆಂಡು ಬೇಕೆಂಬಂತೆ ಕೋಲು ಚಾಚುತ್ತ ಪಕ್ಕದ ಗೆರೆಯತ್ತ ಓಡಿದ. ಅವನನ್ನು ಕಾಯುತ್ತಿದ್ದ ನಡುವಿನ ರಕ್ಷಕ ಹತ್ತು ಹೆಜ್ಜೆ ಹಿಂಬಾಲಿಸಿದ. ಅವನು ಬಿಟ್ಟುಹೋದ ಜಾಗಕ್ಕೆ ಪಕ್ಕದ ರಕ್ಷಕ ಸರಿಯಲಿಲ್ಲ. ಅಷ್ಟರಲ್ಲಿ, ಹಿಂದೆ ಸುಮ್ಮನೆ ನಿಂತಂತಿದ್ದ ನೀಲಿ ತಂಡದ ಮಧ್ಯದ ಆಟಗಾರನೊಬ್ಬ ಆ ಖಾಲಿಗೆ ನುಗ್ಗಿದ. ಚೆಂಡು ಸಿಕ್ಕಿದ್ದು ಅವನಿಗೆ, ಹೊಡೆದದ್ದೂ ಅವನೇ. ಓಡಿಹೋದವನು ಚೆಂಡನ್ನು ಮುಟ್ಟಲೇ ಇಲ್ಲ, ಚಪ್ಪಾಳೆಯಲ್ಲಿ ಅವನ ಪಾಲೂ ಇರಲಿಲ್ಲ. ಹಾಕಿಯಲ್ಲಿ 1990ರ ದಶಕದಲ್ಲೇ ಆಫ್‌ಸೈಡ್ ನಿಯಮ ಹೋದದ್ದರಿಂದ, ಮುನ್ನಡೆಯವನು ಗೋಲಿಗೆ ಎಷ್ಟು ಹತ್ತಿರ ನಿಂತರೂ ತಪ್ಪಿಲ್ಲ. ಅವನನ್ನು ಕಾಯಲು ಎದುರಾಳಿಯ ಹಿಂಸಾಲು ತನ್ನ ಗೋಲಿನ ಬಳಿಯೇ ಉಳಿದರೆ ಮಧ್ಯದಲ್ಲಿ ಹಾಸು ಬಿಚ್ಚಿದಷ್ಟು ಜಾಗ ತೆರೆದುಕೊಳ್ಳುತ್ತದೆ.

ಆದರೆ ಒಂದು ಓಟದಿಂದಲೇ ಅದು ಯೋಜನೆ ಎಂದುಕೊಳ್ಳುವುದು ಅವಸರ. ಅದೇ ಪಂದ್ಯದ ಕೊನೆಯಲ್ಲಿ, ಕೆಂಪು ತಂಡ ಮುಂಚೂಣಿಯನ್ನು ಉದ್ದೇಶಪೂರ್ವಕವಾಗಿ ಹಿಂದೆಗೆದಿದೆ ಎಂದು ನಾನು ಬರೆದುಕೊಂಡಿದ್ದೆ. ಮರುದಿನ ಸ್ನೇಹಿತನ ಮೊಬೈಲ್ ವಿಡಿಯೊ ನೋಡಿದರೆ, ಇಬ್ಬರು ಮುನ್ನಡೆಯವರು ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದರು, ಅಷ್ಟೇ. ಈಗ ಒಂದೇ ಚಲನೆ ಮೂರು ಬಾರಿ ಕಂಡ ಮೇಲಷ್ಟೇ ಅದನ್ನು ರೂಢಿ ಎಂದು ಬರೆಯುತ್ತೇನೆ, ಪಕ್ಕದಲ್ಲಿ ಆಗ ಎಷ್ಟು ನಿಮಿಷ ಕಳೆದಿತ್ತೆಂದೂ ಗುರುತಿಸುತ್ತೇನೆ.